ಟಿಕೆಟ್ ಇದ್ದೂ ದಂಡ: ಬರ್ಲಿನ್ ಟ್ರಾಮಿನ ಮುದ್ರೆ ಮತ್ತು ವಲಯಗಳ ಲೆಕ್ಕ

ಬರ್ಲಿನ್‌ನ ಟ್ರಾಮುಗಳಲ್ಲಿ ದಂಡ ಕಟ್ಟುವವರೆಲ್ಲ ಟಿಕೆಟ್ ಕೊಳ್ಳದೆ ಹತ್ತಿದವರಲ್ಲ. ಕೆಲವರ ಜೇಬಿನಲ್ಲಿ ಆಗಷ್ಟೇ ದುಡ್ಡು ಕೊಟ್ಟು ಕೊಂಡ ಟಿಕೆಟ್ ಇರುತ್ತದೆ. ತಪಾಸಣೆಯವರು ಕೇಳಿದಾಗ ಅವರು ಯಾವ ಅಳುಕೂ ಇಲ್ಲದೆ ಅದನ್ನು ತೆಗೆದು ತೋರಿಸುತ್ತಾರೆ. ತಪಾಸಣೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆಯಾಡಿಸಿ, ಪಾಸ್‌ಪೋರ್ಟ್ ಕೇಳುತ್ತಾರೆ. ಟಿಕೆಟ್ ಅಸಲಿಯೇ, ದರವೂ ಸರಿಯೇ. ಆದರೆ ಅದರ ಮೇಲೆ ದಿನ ಮತ್ತು ಸಮಯದ ಮುದ್ರೆ ಬಿದ್ದಿಲ್ಲ. ದಂಡ 60 ಯೂರೊ.

ಕರ್ನಾಟಕದಿಂದ ಹೋದವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದೋ ಯಂತ್ರದಲ್ಲಿ ಮುದ್ರಿಸಿಯೋ ಕೈಗೆ ಕೊಟ್ಟರೆ ಅಲ್ಲಿಗೆ ಪ್ರಯಾಣಿಕನ ಕೆಲಸ ಮುಗಿಯಿತು. ನಮ್ಮ ಮೆಟ್ರೊದಲ್ಲಿ ಗೇಟು ಇದೆ. ಟೋಕನ್ ಅಥವಾ ಕಾರ್ಡು ತಾಗಿಸದೆ ಅದು ತೆರೆಯುವುದೇ ಇಲ್ಲ. ಬರ್ಲಿನ್‌ನಲ್ಲಿ ಕಂಡಕ್ಟರೂ ಇಲ್ಲ, ಗೇಟೂ ಇಲ್ಲ. ಟ್ರಾಮಿನ ಯಾವ ಬಾಗಿಲಿನಿಂದ ಬೇಕಾದರೂ ಹತ್ತಬಹುದು, ಇಳಿಯಬಹುದು, ಕೇಳುವವರಿಲ್ಲ. ಕಂಡಕ್ಟರ್ ಮಾಡಬೇಕಿದ್ದ ಕೊನೆಯ ಕೆಲಸವೊಂದನ್ನು ಪ್ರಯಾಣಿಕನೇ ಮಾಡಬೇಕು ಎಂಬುದು ಅಲ್ಲಿನ ಏರ್ಪಾಡು.

ಆ ಕೆಲಸಕ್ಕೆ ಕಾರಣವೂ ಸರಳ. ನಿಲ್ದಾಣದ ಯಂತ್ರದಲ್ಲೋ ಅಂಗಡಿಯಲ್ಲೋ ಸಿಗುವ ಕಾಗದದ ಟಿಕೆಟ್ ಇಂಥ ದಿನಕ್ಕೆ, ಇಂಥ ಹೊತ್ತಿಗೆ ಎಂದು ಕಟ್ಟುಬಿದ್ದಿರುವುದಿಲ್ಲ. ಇವತ್ತು ಕೊಂಡು ನಾಳೆ ಬಳಸಬಹುದು. ಹಾಗಿರುವಾಗ ಮುದ್ರೆ ಇಲ್ಲದೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿಂಗಳಿಡೀ ಓಡಾಡಬಹುದಲ್ಲ? ಅದನ್ನು ತಡೆಯಲು ಸಣ್ಣದೊಂದು ಪೆಟ್ಟಿಗೆ ಇದೆ. ಟಿಕೆಟ್ಟಿನ ಗುರುತು ಮಾಡಿದ ತುದಿಯನ್ನು ಅದರ ಸೀಳಿಗೆ ತೂರಿಸಿದರೆ ಯಂತ್ರ ದಿನಾಂಕ, ಸಮಯ ಮತ್ತು ಜಾಗದ ಗುರುತನ್ನು ಒತ್ತುತ್ತದೆ. ಟಿಕೆಟ್ಟಿಗೆ ಜೀವ ಬರುವುದು ಆ ಕ್ಷಣದಿಂದ. ಅದಕ್ಕೆ ಮೊದಲು ಅದು ಮುಂಗಡ ಕೊಟ್ಟ ರಸೀದಿ ಮಾತ್ರ.

ಪೆಟ್ಟಿಗೆ ಎಲ್ಲಿದೆ ಎಂಬುದರಲ್ಲೇ ಹೊಸಬರು ಎಡವುತ್ತಾರೆ. ಟ್ರಾಮಿನಲ್ಲಿ ಮತ್ತು ಬಸ್ಸಿನಲ್ಲಿ ಅದು ಗಾಡಿಯ ಒಳಗಿರುತ್ತದೆ. ಹತ್ತಿದ ಕೂಡಲೇ, ಸೀಟು ಹುಡುಕುವುದಕ್ಕಿಂತ ಮೊದಲು, ಮುದ್ರೆ ಒತ್ತಿಸಬೇಕು. ನೆಲದಡಿಯ ಊ-ಬಾನ್ ರೈಲು ಮತ್ತು ಎಸ್-ಬಾನ್ ಎಂಬ ನಗರ ರೈಲುಗಳಲ್ಲಿ ಹಾಗಲ್ಲ. ಅಲ್ಲಿ ಪೆಟ್ಟಿಗೆ ಇರುವುದು ಪ್ಲಾಟ್‌ಫಾರಂನಲ್ಲಿ ಅಥವಾ ಅಲ್ಲಿಗೆ ಹೋಗುವ ದಾರಿಯಲ್ಲಿ, ರೈಲಿನೊಳಗೆ ಇಲ್ಲ. ಒಂದು ದಿನ ಟ್ರಾಮಿನಲ್ಲಿ ಓಡಾಡಿ ‘ಹತ್ತಿದ ಮೇಲೆ ಒತ್ತಿಸಿದರಾಯಿತು’ ಎಂದು ರೂಢಿ ಮಾಡಿಕೊಂಡವರು ಮರುದಿನ ಎಸ್-ಬಾನ್ ಹತ್ತಿ ಪೆಟ್ಟಿಗೆ ಹುಡುಕುತ್ತಾರೆ. ಬಾಗಿಲು ಮುಚ್ಚಿ ರೈಲು ಹೊರಟಿರುತ್ತದೆ. ಅಂಥವರಿಗೆ ಉಳಿದಿರುವ ಉಪಾಯ ಒಂದೇ: ಮುಂದಿನ ನಿಲ್ದಾಣದಲ್ಲಿ ಇಳಿದು, ಮುದ್ರೆ ಒತ್ತಿಸಿ, ನಂತರದ ರೈಲು ಹಿಡಿಯುವುದು. ಎದುರಿಗೆ ತಪಾಸಣೆಯವರು ಬಂದು ನಿಂತ ಮೇಲೆ ಓಡಿಹೋಗಿ ಒತ್ತಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲ ಟಿಕೆಟ್ಟಿಗೂ ಮುದ್ರೆ ಬೇಕಿಲ್ಲ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟ್ರಾಮಿನೊಳಗೇ ಇರುವ ಯಂತ್ರದಲ್ಲಿ ಕೊಂಡ ಟಿಕೆಟ್ ಮುದ್ರೆಯೊಂದಿಗೇ ಹೊರಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೊಂಡದ್ದಕ್ಕೆ ಮುದ್ರೆಯ ಮಾತೇ ಇಲ್ಲ. ಆದರೆ ಅದನ್ನು ಹತ್ತುವುದಕ್ಕೆ ಮೊದಲೇ ಕೊಂಡಿರಬೇಕು, ಕೇಳಿದಾಗ ಪರದೆಯ ಮೇಲೆ ತೋರಿಸುವಷ್ಟು ಬ್ಯಾಟರಿಯೂ ಇರಬೇಕು. ಕೈಯಲ್ಲಿರುವ ಕಾಗದದ ಟಿಕೆಟ್ ಯಾವ ಬಗೆಯದು ಎಂದು ತಿಳಿಯಲು ಅದನ್ನೇ ಓದುವುದು ಲೇಸು. ಯಾವ ಹೊತ್ತಿನಿಂದ ಅದು ಚಾಲ್ತಿ ಎಂದು ದಿನಾಂಕ, ಗಂಟೆ, ನಿಮಿಷಗಳು ಅಚ್ಚಾಗಿದ್ದರೆ ಮತ್ತೆ ಒತ್ತಿಸಬಾರದು. ಆ ಜಾಗ ಖಾಲಿ ಇದ್ದರೆ ಒತ್ತಿಸಲೇಬೇಕು. ಒಂದೇ ಟಿಕೆಟ್ಟಿಗೆ ಎರಡು ಸಲ ಮುದ್ರೆ ಒತ್ತಿಸಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದು, ಯಾವುದು ಮೊದಲನೆಯದು ಎಂದು ಓದಲಾಗದೆ, ಟಿಕೆಟ್ಟೇ ಅಮಾನ್ಯವಾಗುವ ಸಂಭವ ಇದೆ.

ಇನ್ನು ವಲಯಗಳ ಮಾತು. ಬರ್ಲಿನ್‌ಗೆ ಮೂರು ವಲಯಗಳು: ಎ, ಬಿ, ಸಿ. ಊರಿನ ನಡುವಣ ಭಾಗವನ್ನು ಎಸ್-ಬಾನ್‌ನ ಒಂದು ಹಳಿ ಬಳಸಿಕೊಂಡು ಸುತ್ತುತ್ತದೆ, ಅದರೊಳಗಿನದು ಎ. ಆ ಸುತ್ತುಹಳಿಯಿಂದ ಆಚೆ, ನಗರದ ಗಡಿಯವರೆಗೆ ಬಿ. ಗಡಿ ದಾಟಿ, ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಬರುವ ಸುತ್ತಮುತ್ತಲಿನ ಊರುಗಳು ಸಿ. ಟ್ರಾಮ್, ಬಸ್ಸು, ಊ-ಬಾನ್‌ಗಳನ್ನು ನಡೆಸುವುದು ಬಿವಿಜಿ ಎಂಬ ನಗರ ಸಾರಿಗೆ ಸಂಸ್ಥೆ. ಎಸ್-ಬಾನ್ ಬೇರೆ ಸಂಸ್ಥೆಯದು. ಹಾಗಿದ್ದರೂ ದರಪಟ್ಟಿ ಒಂದೇ, ಟಿಕೆಟ್ಟೂ ಒಂದೇ. ಎಸ್-ಬಾನ್ ಇಳಿದು ಟ್ರಾಮ್ ಹತ್ತುವವರು ಹೊಸ ಟಿಕೆಟ್ ಕೊಳ್ಳಬೇಕಿಲ್ಲ, ಹೊಸ ಮುದ್ರೆಯನ್ನೂ ಒತ್ತಿಸಬಾರದು.

ಸಾಮಾನ್ಯ ಟಿಕೆಟ್ ಎ-ಬಿ ಎರಡಕ್ಕೂ ಸೇರಿ ಸಿಗುತ್ತದೆ. ಎ ವಲಯಕ್ಕೆಂದೇ ಬೇರೆ ಟಿಕೆಟ್ ಇಲ್ಲ. ನಗರದೊಳಗೆ ತಿರುಗುವವರಿಗೆ ಎ-ಬಿ ಸಾಕು. ಬ್ರಾಂಡೆನ್‌ಬುರ್ಗ್ ದ್ವಾರ, ಸಂಸತ್ ಭವನ, ಗೋಡೆಯ ಉಳಿದ ಭಾಗ ಎಲ್ಲವೂ ಅದರಲ್ಲೇ ಬರುತ್ತವೆ. ತೊಂದರೆ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ. 2020ರ ಅಕ್ಟೋಬರ್ 31ರಂದು ತೆರೆದ ಬರ್ಲಿನ್ ಬ್ರಾಂಡೆನ್‌ಬುರ್ಗ್ ವಿಮಾನ ನಿಲ್ದಾಣ ಇರುವುದು ನಗರದ ಗಡಿಯಾಚೆ, ಸಿ ವಲಯದಲ್ಲಿ. ಅದು ಶುರುವಾದ ಮೇಲೆ ಮುಚ್ಚಿಹೋದ ಟೇಗೆಲ್ ನಿಲ್ದಾಣ ಬಿ ವಲಯದಲ್ಲಿತ್ತು. ಹಳೆಯ ಪ್ರವಾಸಿ ಪುಸ್ತಕವನ್ನೋ, ಹಿಂದೆ ಹೋಗಿ ಬಂದವರ ಮಾತನ್ನೋ ನಂಬಿ ಎ-ಬಿ ಟಿಕೆಟ್ಟಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡುವವರು ಸಿಕ್ಕಿಬೀಳುವುದು ಹೀಗೆ. ಊರಿಗೆ ಮರಳುವ ದಿನ, ಪೆಟ್ಟಿಗೆಗಳ ನಡುವೆ ಕೂತು, ವಿಮಾನದ ಹೊತ್ತಿನ ಚಿಂತೆಯಲ್ಲಿರುವಾಗ ಇಂಥ ದಂಡ ಕಟ್ಟುವುದು ಯಾರಿಗೂ ಬೇಡ.

ವಲಯ ತಪ್ಪಿದರೆ ಎರಡು ದರಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಟ್ಟಿ ಪಾರಾಗಬಹುದು ಎಂದು ಅನೇಕರು ಅಂದುಕೊಂಡಿರುತ್ತಾರೆ. ಹಾಗಿಲ್ಲ. ಸಿ ವಲಯದಲ್ಲಿ ಎ-ಬಿ ಟಿಕೆಟ್ ಹಿಡಿದು ಕೂತವರು ಆ ಜಾಗಕ್ಕೆ ಟಿಕೆಟ್ಟೇ ಇಲ್ಲದವರು. ದಂಡ ಅದೇ 60 ಯೂರೊ. ಸಮಾಧಾನದ ವಿಷಯವೆಂದರೆ, ಎ-ಬಿ ಟಿಕೆಟ್ ಅಥವಾ ಪಾಸ್ ಇರುವವರಿಗೆ ಸಿ ವಲಯಕ್ಕೆ ಮಾತ್ರ ಸೇರಿಸಿಕೊಳ್ಳುವ ಕಡಿಮೆ ದರದ ಜೋಡಣೆ ಟಿಕೆಟ್ ಸಿಗುತ್ತದೆ. ಗಡಿ ದಾಟುವುದಕ್ಕೆ ಮೊದಲೇ ಅದನ್ನು ಕೊಂಡಿರಬೇಕು. ಅದೂ ಮುದ್ರೆ ಇಲ್ಲದೆ ಬಂದಿದ್ದರೆ ಅದಕ್ಕೂ ಒತ್ತಿಸಬೇಕು.

ಲೆಕ್ಕ ಹಿಡಿತಕ್ಕೆ ಬರಲು ಒಂದು ಪ್ರಯಾಣವನ್ನೇ ಹಂತ ಹಂತವಾಗಿ ನೋಡಬಹುದು. ಮೈಸೂರಿನ ನಿವೃತ್ತ ದಂಪತಿ ಬರ್ಲಿನ್‌ನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಮಗ ಕರೆದುಕೊಂಡು ಹೋಗಲು ಬಂದಿದ್ದಾನೆ. ಅವನ ಬಳಿ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಗಿ, 2025ರಲ್ಲಿ 58 ಯೂರೊ ಆದ ತಿಂಗಳ ಪಾಸ್ ಅದು. ಜರ್ಮನಿಯ ಎಲ್ಲ ಊರುಗಳ ಟ್ರಾಮ್, ಬಸ್ಸು, ಸ್ಥಳೀಯ ರೈಲುಗಳಿಗೂ ನಡೆಯುತ್ತದೆ. ಅದಕ್ಕೆ ವಲಯವೂ ಇಲ್ಲ, ಮುದ್ರೆಯೂ ಇಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ವಿದ್ಯಾರ್ಥಿಗಳಲ್ಲಿ ಇಂಥ ಪಾಸ್ ಇಟ್ಟುಕೊಂಡವರೇ ಹೆಚ್ಚು ಎನ್ನಬಹುದು. ಅಪಾಯ ಇರುವುದೂ ಅಲ್ಲೇ. ತಾನು ವರ್ಷಗಟ್ಟಲೆ ಮುದ್ರೆಯ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದವನು ಅಪ್ಪ ಅಮ್ಮನಿಗೆ ಅದರ ಬಗ್ಗೆ ಹೇಳಲು ಮರೆಯುತ್ತಾನೆ. ಪಾಸ್ ಅವನ ಹೆಸರಿನದು. ಅದನ್ನು ತೋರಿಸಿ ಅಪ್ಪ ಅಮ್ಮ ಪಾರಾಗುವಂತಿಲ್ಲ.

ವಿಮಾನ ನಿಲ್ದಾಣದ ಯಂತ್ರದಲ್ಲಿ ಇಬ್ಬರಿಗೂ ಎ-ಬಿ-ಸಿ ಟಿಕೆಟ್ ಕೊಳ್ಳಬೇಕು. 2025ರ ದರದಲ್ಲಿ ತಲೆಗೆ 4.70 ಯೂರೊ. ಪ್ಲಾಟ್‌ಫಾರಂನ ಪೆಟ್ಟಿಗೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತೂರಿಸಿ 10 ಗಂಟೆ 10 ನಿಮಿಷಕ್ಕೆ ಮುದ್ರೆ ಒತ್ತಿಸಿದರು ಅನ್ನೋಣ. ಅಲ್ಲಿಂದ ಎರಡು ಗಂಟೆ, ಅಂದರೆ 12 ಗಂಟೆ 10 ನಿಮಿಷದವರೆಗೆ ಆ ಟಿಕೆಟ್ ನಡೆಯುತ್ತದೆ. ಎಸ್9 ರೈಲಿನಲ್ಲಿ ವಾರ್ಶಾವರ್ ಸ್ಟ್ರಾಸೆ ನಿಲ್ದಾಣಕ್ಕೆ ಬಂದು ಎಂ10 ಟ್ರಾಮ್ ಹತ್ತಿ, ಎಬರ್ಸ್‌ವಾಲ್ಡರ್ ಸ್ಟ್ರಾಸೆಯಲ್ಲಿ ಇಳಿದರೆ ಮಗನ ಮನೆ. ಟ್ರಾಮಿನಲ್ಲಿ ಮತ್ತೆ ಪೆಟ್ಟಿಗೆ ಕಾಣುತ್ತದೆ. ಶಿಸ್ತಿನ ಮನುಷ್ಯನಾದ ತಂದೆ ಟಿಕೆಟ್ ತೆಗೆದು ಅದರ ಕಡೆ ನಡೆಯುತ್ತಾರೆ. ಇಲ್ಲಿ ಮಗ ತಡೆಯಬೇಕು. ಆ ಟಿಕೆಟ್ಟಿನ ಕೆಲಸ ಆಗಲೇ ಆಗಿದೆ.

ದಾರಿಯಲ್ಲಿ ಇಳಿದು ಕಾಫಿ ಕುಡಿದು ಮತ್ತೆ ಮುಂದಿನ ಟ್ರಾಮ್ ಹಿಡಿಯಬಹುದು. ಎರಡು ಗಂಟೆಯ ಒಳಗಿದ್ದರೆ ಸಾಕು. ಆದರೆ ಗುರಿ ಮುಂದಕ್ಕೇ ಇರಬೇಕು. ಒಂದು ಸಲದ ಟಿಕೆಟ್ ಒಂದು ದಿಕ್ಕಿಗೆ ಮಾತ್ರ. ಮನೆ ತಲುಪಿ ಪೆಟ್ಟಿಗೆ ಇಳಿಸಿ, ‘ಇನ್ನೂ ನಲವತ್ತು ನಿಮಿಷ ಉಳಿದಿದೆಯಲ್ಲ’ ಎಂದು ಅದೇ ಟಿಕೆಟ್ಟಿನಲ್ಲಿ ವಾರ್ಶಾವರ್ ಸ್ಟ್ರಾಸೆಗೆ ವಾಪಸು ಹೋಗುವಂತಿಲ್ಲ. ಮುದ್ರೆಯಲ್ಲಿ ಜಾಗದ ಗುರುತು ಇರುವುದರಿಂದ ತಪಾಸಣೆಯವರಿಗೆ ಇದು ಗೊತ್ತಾಗದ ಸಂಗತಿಯೂ ಅಲ್ಲ. ಅವಧಿ ಉಳಿದಿದ್ದರೂ ಟಿಕೆಟ್ ಸತ್ತಂತೆ ಎಂಬ ಈ ನಿಯಮ ಪ್ರವಾಸಿಗಳಿಗೆ ಅಷ್ಟು ಸುಲಭವಾಗಿ ತಲೆಗೆ ಹೋಗುವುದಿಲ್ಲ. ಪಕ್ಕದ ಕೆಲವು ದೇಶಗಳ ಊರುಗಳಲ್ಲಿ ಅವಧಿ ಇರುವಷ್ಟು ಹೊತ್ತು ಯಾವ ಕಡೆಗೆ ಬೇಕಾದರೂ ತಿರುಗಬಹುದು.

ಸಂಜೆ ಹತ್ತಿರದ ಪೇಟೆಗೆ ಹೋಗಿಬರುವ ಮನಸ್ಸಾದರೆ ಕಿರುದೂರದ ಟಿಕೆಟ್ ಇದೆ. 2025ರಲ್ಲಿ ಅದಕ್ಕೆ 2.60 ಯೂರೊ. ಟ್ರಾಮ್ ಅಥವಾ ಬಸ್ಸಿನಲ್ಲಿ ಆರು ನಿಲ್ದಾಣಗಳವರೆಗೆ ಇದರಲ್ಲಿ ಹೋಗಬಹುದು, ಆದರೆ ಗಾಡಿ ಬದಲಿಸುವಂತಿಲ್ಲ. ಊ-ಬಾನ್, ಎಸ್-ಬಾನ್‌ನಲ್ಲಾದರೆ ಮೂರೇ ನಿಲ್ದಾಣ, ಅಲ್ಲಿ ರೈಲಿನಿಂದ ರೈಲಿಗೆ ಬದಲಿಸಬಹುದು. ಏಳನೆಯ ನಿಲ್ದಾಣಕ್ಕೆ ಟ್ರಾಮ್ ಸರಿದ ಕ್ಷಣ ಟಿಕೆಟ್ ಇಲ್ಲದಂತಾಯಿತು. ಟ್ರಾಮಿನಲ್ಲಿ ಹತ್ತುವ ನಿಲ್ದಾಣವನ್ನು ಬಿಟ್ಟು ಮುಂದಿನದರಿಂದ ಎಣಿಸಬೇಕು. ಊರು ಗೊತ್ತಿಲ್ಲದವರು ನಿಲ್ದಾಣ ಎಣಿಸುತ್ತ ಕೂರುವುದಕ್ಕಿಂತ ಒಂದು ಯೂರೊ ಚಿಲ್ಲರೆ ಹೆಚ್ಚು ಕೊಟ್ಟು 2025ರಲ್ಲಿ 3.80 ಯೂರೊ ಇದ್ದ ಎ-ಬಿ ಟಿಕೆಟ್ಟನ್ನೇ ಕೊಳ್ಳುವುದು ನೆಮ್ಮದಿ.

ಅದಕ್ಕಿಂತಲೂ ನೆಮ್ಮದಿಯದು 24 ಗಂಟೆಯ ಟಿಕೆಟ್. ಎ-ಬಿಗೆ ಅದು 2025ರಲ್ಲಿ 10.60 ಯೂರೊ ಇತ್ತು. ಮೂರು ಬಿಡಿ ಟಿಕೆಟ್ಟಿಗೆ ಆಗ 11.40 ಆಗುತ್ತಿತ್ತು, ಅಂದರೆ ದಿನಕ್ಕೆ ಮೂರು ಸಲ ಹತ್ತಿ ಇಳಿಯುವವರಿಗೆ ಇದೇ ಅಗ್ಗ. ದಿಕ್ಕಿನ ಕಟ್ಟಳೆ ಇಲ್ಲ, ನಿಲ್ದಾಣ ಎಣಿಸಬೇಕಿಲ್ಲ, ಮುದ್ರೆ ಒಂದೇ ಸಲ. ಮಧ್ಯಾಹ್ನ ಎರಡಕ್ಕೆ ಒತ್ತಿಸಿದರೆ ಮರುದಿನ ಮಧ್ಯಾಹ್ನ ಎರಡರವರೆಗೆ ನಡೆಯುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲ. ಈ ದರಗಳೆಲ್ಲ ಸಾಮಾನ್ಯವಾಗಿ ಜನವರಿಯಲ್ಲಿ ಏರುತ್ತವೆ, ಹಾಗಾಗಿ ಹೊರಡುವ ಮುನ್ನ ಬಿವಿಜಿಯ ಆ ವರ್ಷದ ಪಟ್ಟಿ ನೋಡಿಕೊಳ್ಳಬೇಕು.

ಟ್ರಾಮಿನಲ್ಲೇ ಕೂತು ವಲಯ ದಾಟುವ ಒಂದು ಸೊಗಸಾದ ದಾರಿಯೂ ಇದೆ. ಎಸ್3 ರೈಲಿನಲ್ಲಿ ಬರ್ಲಿನ್‌ನ ಪೂರ್ವದ ತುದಿಯ ರಾನ್ಸ್‌ಡೊರ್ಫ್ ನಿಲ್ದಾಣಕ್ಕೆ ಹೋದರೆ ಅಲ್ಲಿಂದ 87ನೇ ನಂಬರಿನ ಪುಟ್ಟ ಟ್ರಾಮ್ ಹೊರಡುತ್ತದೆ. 1913ರಿಂದ ಓಡುತ್ತಿರುವ ಈ ಹಳಿಯ ಉದ್ದ ಆರು ಕಿಲೋಮೀಟರಿಗಿಂತ ಕಡಿಮೆ. ಪೈನ್ ಕಾಡಿನ ನಡುವೆ ನುಗ್ಗಿ, ವೋಲ್ಟರ್ಸ್‌ಡೊರ್ಫ್ ಎಂಬ ಊರನ್ನು ಹಾದು, ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಬಾಗಿಲಿನ ಬಳಿ ನಿಲ್ಲುತ್ತದೆ. ರಜಾದಿನಗಳಲ್ಲಿ ಬರ್ಲಿನ್‌ನವರೇ ಇಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ರಾನ್ಸ್‌ಡೊರ್ಫ್ ಬಿ ವಲಯದಲ್ಲಿದೆ, ವೋಲ್ಟರ್ಸ್‌ಡೊರ್ಫ್ ಸಿ ವಲಯದಲ್ಲಿದೆ. ಗಡಿ ಬರುವುದು ಕಾಡಿನೊಳಗೆ; ಅಲ್ಲಿ ಗೇಟೂ ಇಲ್ಲ, ಟ್ರಾಮ್ ನಿಂತು ಯಾರನ್ನೂ ಕೇಳುವುದೂ ಇಲ್ಲ. ಮಗನ ಪಾಸ್ ಇಲ್ಲಿಯೂ ನಡೆಯುತ್ತದೆ. ಅಪ್ಪ ಅಮ್ಮನ ಎ-ಬಿ 24 ಗಂಟೆಯ ಟಿಕೆಟ್ ಗಡಿಯವರೆಗೆ ಮಾತ್ರ. ಬೆಳಿಗ್ಗೆಯೇ ಸಿ ಜೋಡಣೆ ಟಿಕೆಟ್ ಕೊಂಡಿದ್ದರೆ ಅಥವಾ ಎ-ಬಿ-ಸಿ ಟಿಕೆಟ್ಟನ್ನೇ ತೆಗೆದಿದ್ದರೆ ಕಾಡನ್ನು ನಿಶ್ಚಿಂತೆಯಿಂದ ನೋಡಬಹುದು. ಫ್ರೀಡ್ರಿಖ್ಸ್‌ಹಾಗೆನ್‌ನಿಂದ ಹೊರಡುವ 88ನೇ ಟ್ರಾಮಿನದೂ ಇದೇ ಕಥೆ: ನಗರದೊಳಗೆ ಶುರುವಾಗಿ ಸಿ ವಲಯದಲ್ಲಿ ಮುಗಿಯುತ್ತದೆ.

ಈಗ ತಪಾಸಣೆ. ಅಲ್ಲಿನ ತಪಾಸಣೆಯವರು ಬಹಳ ಸಲ ಮಫ್ತಿಯಲ್ಲಿರುತ್ತಾರೆ. ಜೀನ್ಸು, ಜಾಕೆಟ್ಟು, ಬೆನ್ನಿಗೊಂದು ಚೀಲ. ಉಳಿದ ಪ್ರಯಾಣಿಕರಿಗೂ ಅವರಿಗೂ ವ್ಯತ್ಯಾಸ ಕಾಣುವುದಿಲ್ಲ. ಬಾಗಿಲು ಮುಚ್ಚಿ ಗಾಡಿ ಹೊರಟ ಮೇಲೆ ಎರಡೂ ಕಡೆಯಿಂದ ಗುರುತಿನ ಚೀಟಿ ಹಿಡಿದು ಟಿಕೆಟ್ ಕೇಳುತ್ತ ಬರುತ್ತಾರೆ. ಮುದ್ರೆ ಇಲ್ಲದ ಟಿಕೆಟ್ ಸಿಕ್ಕರೆ ಮುಂದಿನ ನಿಲ್ದಾಣದಲ್ಲಿ ಇಳಿಸಿಕೊಂಡು ಹೆಸರು, ವಿಳಾಸ ಬರೆದುಕೊಳ್ಳುತ್ತಾರೆ. ಪರದೇಶದವರಾದರೆ ಪಾಸ್‌ಪೋರ್ಟ್ ನೋಡುತ್ತಾರೆ. ಗುರುತು ತೋರಿಸದಿದ್ದರೆ ಪೊಲೀಸರನ್ನು ಕರೆಸಬಹುದು. ದಂಡವನ್ನು ಅಲ್ಲೇ ಕಟ್ಟಬಹುದು ಅಥವಾ ಕೊಟ್ಟ ಚೀಟಿಯ ಪ್ರಕಾರ ಗಡುವಿನೊಳಗೆ ಕಟ್ಟಬಹುದು. ಅಲ್ಲೇ ಕಟ್ಟುವುದಾದರೆ ಅಚ್ಚಾದ ರಸೀದಿ ಪಡೆಯದೆ ಹಣ ಕೊಡಬಾರದು. ಕೇಳುವವರ ಗುರುತಿನ ಚೀಟಿಯನ್ನು ನೋಡುವ ಹಕ್ಕು ಪ್ರಯಾಣಿಕರಿಗೂ ಇದೆ. ಇದರಲ್ಲಿ ಸಂಕೋಚ ಪಡಬೇಕಿಲ್ಲ.

‘ನಾನು ಹೊಸಬ, ಗೊತ್ತಿರಲಿಲ್ಲ’ ಎಂಬ ಮಾತು ನಡೆಯುತ್ತದೆಯೇ? ನಿಯಮದ ಪ್ರಕಾರ ಇಲ್ಲ. ಜರ್ಮನಿಯ ಟ್ರಾಮು ಬಸ್ಸುಗಳ ಪ್ರಯಾಣದ ಷರತ್ತುಗಳನ್ನು 1970ರಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮಾವಳಿಯೊಂದು ಹೇಳುತ್ತದೆ. ಅದರ ಒಂಬತ್ತನೆಯ ಕಲಂ ಟಿಕೆಟ್ ಇಲ್ಲದವರನ್ನೂ, ಟಿಕೆಟ್ ಇದ್ದು ಕೂಡಲೇ ಮುದ್ರೆ ಒತ್ತಿಸದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮೋಸದ ಉದ್ದೇಶ ಇತ್ತೇ ಇಲ್ಲವೇ ಎಂದು ಈ ಹೆಚ್ಚುವರಿ ದರಕ್ಕೆ ಯಾರೂ ವಿಚಾರಿಸುವುದಿಲ್ಲ. ಅದರ ಮಿತಿ ಮೊದಲು 40 ಯೂರೊ ಇತ್ತು. 2015ರ ಜುಲೈಯಿಂದ 60 ಆಯಿತು. 2025ರ ದರದಲ್ಲಿ ಹದಿನೈದು ಸಲ ಊರೊಳಗೆ ಓಡಾಡಿ ಇನ್ನೂ ಚಿಲ್ಲರೆ ಉಳಿಯುವಷ್ಟು ಹಣ ಅದು.

ಆದರೆ ಅದೇ ಕಲಂನಲ್ಲಿ ಪ್ರಯಾಣಿಕನ ಪರವಾದ ಮಾತೂ ಇದೆ. ಅದನ್ನು ಬಲ್ಲವರು ಕಡಿಮೆ. ಮುದ್ರೆ ಒತ್ತಿಸಲಾಗದ್ದಕ್ಕೆ ಪ್ರಯಾಣಿಕ ಹೊಣೆಯಲ್ಲದಿದ್ದರೆ ದಂಡ ಹಾಕುವಂತಿಲ್ಲ. ಪೆಟ್ಟಿಗೆ ಕೆಟ್ಟಿತ್ತು ಎಂಬುದು ಇಂಥ ಕಾರಣ. ಟ್ರಾಮಿನಲ್ಲಿ ಒಂದು ಪೆಟ್ಟಿಗೆ ಕೆಲಸ ಮಾಡದಿದ್ದರೆ ಇನ್ನೊಂದನ್ನು ಹುಡುಕಬೇಕು. ಅದೂ ಕೆಟ್ಟಿದ್ದರೆ ಚಾಲಕನಿಗೆ ತಿಳಿಸುವುದು, ಕೆಟ್ಟ ಪೆಟ್ಟಿಗೆಯ ಫೋಟೊ ತೆಗೆದುಕೊಳ್ಳುವುದು, ಗಾಡಿಯ ನಂಬರ್ ಮತ್ತು ಸಮಯ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತಪಾಸಣೆಯವರು ಆಗ ಒಪ್ಪದಿದ್ದರೂ ಆಮೇಲೆ ಬರೆದು ಆಕ್ಷೇಪ ಸಲ್ಲಿಸುವಾಗ ಇವು ಬೇಕಾಗುತ್ತವೆ. ತನ್ನ ಹೆಸರಿನ ಪಾಸನ್ನು ಮನೆಯಲ್ಲಿ ಮರೆತು ಬಂದವರಿಗೂ ರಿಯಾಯಿತಿ ಇದೆ. ಒಂದು ವಾರದೊಳಗೆ ಪಾಸ್ ತಂದು ತೋರಿಸಿದರೆ 60ರ ಬದಲು 7 ಯೂರೊ. ಆದರೆ ಮುದ್ರೆ ಇಲ್ಲದ ಬಿಡಿ ಟಿಕೆಟ್ಟಿಗೆ ಈ ದಾರಿ ಇಲ್ಲ. ಅದರಲ್ಲಿ ಹೆಸರಿಲ್ಲದಿರುವುದರಿಂದ ಅದು ಆ ಹೊತ್ತಿನಲ್ಲಿ ಯಾರ ಕೈಯಲ್ಲಿತ್ತು ಎಂದು ಆಮೇಲೆ ಸಾಬೀತು ಮಾಡುವಂತಿಲ್ಲ.

ನಂಬಿಕೆಯ ಮೇಲೆ ಟ್ರಾಮ್ ಓಡಿಸುವುದು ಬರ್ಲಿನ್‌ಗೆ ಹೊಸದಲ್ಲ. ಊರು ಎರಡಾಗಿದ್ದ ಕಾಲದಲ್ಲಿ ಪಶ್ಚಿಮ ಬರ್ಲಿನ್ ತನ್ನ ಟ್ರಾಮುಗಳನ್ನು ಒಂದೊಂದಾಗಿ ಮುಚ್ಚಿ 1967ರಲ್ಲಿ ಕೊನೆಯದನ್ನೂ ನಿಲ್ಲಿಸಿತು. ಇವತ್ತಿಗೂ ಹೆಚ್ಚಿನ ಹಳಿಗಳು ಪೂರ್ವ ಭಾಗದಲ್ಲೇ ಇರುವುದಕ್ಕೆ ಅದು ಕಾರಣ. ಪೂರ್ವ ಬರ್ಲಿನ್‌ನ ಟ್ರಾಮಿನಲ್ಲಿ ಹಣ ಹಾಕುವ ಪೆಟ್ಟಿಗೆಯೊಂದು ಇರುತ್ತಿತ್ತು. ಪ್ರಯಾಣಿಕರು ಇಪ್ಪತ್ತು ಫೆನಿಗ್ ನಾಣ್ಯ ಹಾಕಿ, ಹಿಡಿಕೆ ಎಳೆದು, ತಾವೇ ಚೀಟಿ ಹರಿದುಕೊಳ್ಳುತ್ತಿದ್ದರು. ಗುಂಡಿ ಹಾಕಿ ಹಿಡಿಕೆ ಎಳೆಯುವವರೂ ಇದ್ದರೆಂದು ಆ ಕಾಲದವರು ನಗುತ್ತ ಹೇಳುವುದುಂಟು.

ದಂಡ ಕಟ್ಟಿದರೆ ಪ್ರವಾಸಿಗೆ ಅಲ್ಲಿಗೆ ಮುಗಿಯಿತು. ಅಲ್ಲಿಯವರೇ ಆಗಿದ್ದು ಮತ್ತೆ ಮತ್ತೆ ಸಿಕ್ಕಿಬಿದ್ದರೆ ವಿಷಯ ಬೇರೆ. ಉದ್ದೇಶಪೂರ್ವಕವಾಗಿ ದುಡ್ಡು ಕೊಡದೆ ಪ್ರಯಾಣಿಸುವುದು ಜರ್ಮನ್ ದಂಡಸಂಹಿತೆಯ 265ಎ ಕಲಂ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ಜುಲ್ಮಾನೆ. ಈ ಕಲಂ ಸೇರ್ಪಡೆಯಾದದ್ದು 1935ರಲ್ಲಿ, ನಾಜಿಗಳ ಆಳ್ವಿಕೆಯಲ್ಲಿ. ನ್ಯಾಯಾಲಯ ವಿಧಿಸುವ ಜುಲ್ಮಾನೆ ಕಟ್ಟಲಾಗದವರು ಅದರ ಬದಲು ಜೈಲಿಗೆ ಹೋಗುತ್ತಾರೆ. ಬರ್ಲಿನ್‌ನ ಪ್ಲೊಟ್ಸೆನ್‌ಸೇ ಜೈಲಿನಲ್ಲಿ ಅಂಥವರಿದ್ದಾರೆ. ಮನೆಯಿಲ್ಲದವರು, ಕುಡಿತಕ್ಕೆ ಬಿದ್ದವರು ಅವರಲ್ಲಿ ಬಹಳ. ಪತ್ರಕರ್ತ ಆರ್ನೆ ಸೆಮ್ಸ್‌ರೊಟ್ 2021ರ ಕೊನೆಯಲ್ಲಿ ಒಂದು ನಿಧಿ ಶುರುಮಾಡಿದರು. ಜನರಿಂದ ದೇಣಿಗೆ ಸೇರಿಸಿ, ಟಿಕೆಟ್ ಇಲ್ಲದೆ ಪ್ರಯಾಣಿಸಿದ್ದಕ್ಕೆ ಒಳಗಿರುವವರ ಜುಲ್ಮಾನೆ ಕಟ್ಟಿ ಬಿಡಿಸುವ ಕೆಲಸ ಅದರದು. 2024ರ ಫೆಬ್ರವರಿಯಿಂದ ಕಾನೂನು ಬದಲಾಗಿ, ಹೀಗೆ ಜುಲ್ಮಾನೆಯ ಬದಲು ಕಳೆಯಬೇಕಾದ ದಿನಗಳು ಅರ್ಧಕ್ಕೆ ಇಳಿದವು. ಮುದ್ರೆ ಮರೆತ ಪ್ರವಾಸಿಗೆ ಇದರ ಭಯ ಬೇಕಿಲ್ಲ. ಆದರೂ ನಾಲ್ಕು ಯೂರೊ ಕೊಡಲಿಲ್ಲವೆಂದು ಬಡವರನ್ನು ಜೈಲಿನಲ್ಲಿಟ್ಟು ಸಾಕುವುದು ದುಬಾರಿಯ ನ್ಯಾಯ ಎಂದು ಜರ್ಮನರಲ್ಲೇ ಅನೇಕರು ವಾದಿಸುತ್ತಿದ್ದಾರೆ. ಆ ವಾದ ತೆಗೆದುಹಾಕುವಂಥದ್ದಲ್ಲ.

ಪ್ರವಾಸಿಗೆ ಹಾಕುವ 60 ಯೂರೊ ದಂಡದ ಬಗ್ಗೆ ಅಂಥ ತಕರಾರು ಮಾಡುವುದು ಕಷ್ಟ. ಗೇಟು, ಕಂಡಕ್ಟರ್ ಯಾವುದೂ ಇಲ್ಲದ ಕಡೆ ಮುದ್ರೆಯೊಂದೇ ಲೆಕ್ಕ. ಹೇಳಬೇಕಾದ ದೂರೆಂದರೆ, ಯಂತ್ರದಿಂದ ಹೊರಬೀಳುವ ಟಿಕೆಟ್ಟುಗಳಲ್ಲಿ ಕೆಲವಕ್ಕೆ ಮುದ್ರೆ ಇದ್ದು ಕೆಲವಕ್ಕೆ ಇಲ್ಲದಿರುವುದು. ಕೊಳ್ಳುವಾಗಲೇ ಎಲ್ಲಕ್ಕೂ ಸಮಯ ಅಚ್ಚಾಗಿ ಬಂದರೆ ಅರ್ಧ ಗೊಂದಲ ತೀರುತ್ತಿತ್ತು.

ಬರ್ಲಿನ್‌ನಲ್ಲಿರುವ ಮಕ್ಕಳಿಗೆ ಒಂದು ಮಾತು. ಊರಿನಿಂದ ಅಪ್ಪ ಅಮ್ಮ ಬಂದಾಗ ವಿಮಾನ ನಿಲ್ದಾಣದಲ್ಲೇ ಎ-ಬಿ-ಸಿ ಟಿಕೆಟ್ ಕೊಳ್ಳಿ. ಅದಕ್ಕೆ ಮುದ್ರೆ ಇಲ್ಲದಿದ್ದರೆ ನೀವು ಒತ್ತಿಸಬೇಡಿ. ಪೆಟ್ಟಿಗೆಯ ಎದುರು ಅವರನ್ನೇ ನಿಲ್ಲಿಸಿ, ಅವರ ಕೈಯಿಂದಲೇ ಒತ್ತಿಸಿ. ನೀವು ಕೆಲಸಕ್ಕೆ ಹೋದ ದಿನ ಅವರಿಬ್ಬರೇ ಟ್ರಾಮ್ ಹತ್ತುತ್ತಾರೆ.